ಕ್ಲೈಂಟ್‌ಗೆ ಬರೆಯುವ ಕನ್ನಡ ಮೇಲ್‌ನಲ್ಲಿ ಕಾಮಾ ಎಲ್ಲಿ ಬೇಕು, ಎಲ್ಲಿ ಬೇಡ?

ಹೊಸಕರಡು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ವೆಬ್‌ಸೈಟ್ ಕೆಲಸದ ಬಗ್ಗೆ ಕ್ಲೈಂಟ್‌ಗೆ ಕನ್ನಡದಲ್ಲೇ ಮೇಲ್ ಬರೆಯಬೇಕು. ಕರಡು ನೋಡಿದ ಒಬ್ಬರು ಕಾಮಾ ಜಾಸ್ತಿ ಆಯಿತು ಅಂದರು. ಇನ್ನೊಬ್ಬರು ಬೇಕಾದ ಕಡೆಯೇ ಇಲ್ಲ ಅಂದರು. ಇಬ್ಬರೂ ಕಾರಣ ಹೇಳಲಿಲ್ಲ. ಕರಡು ಇದು:

> ಮಾನ್ಯರೇ,
> ನಿನ್ನೆಯ ಸಭೆಯ ನಂತರ ನೀವು ಕಳುಹಿಸಿದ ಚಿತ್ರಗಳನ್ನು, ಮುಖಪುಟಕ್ಕೆ ಸೇರಿಸಿದ್ದೇವೆ, ಮತ್ತು, ಸಂಪರ್ಕ ಪುಟವನ್ನು ಸರಿಪಡಿಸಿದ್ದೇವೆ. ನೀವು ಹೇಳಿದಂತೆ ಹಳೆಯ ಲೋಗೋ ತೆಗೆದಿಲ್ಲ. ಆದರೆ, ಸೇವೆಗಳ ಪುಟ, ಇನ್ನೂ ಪೂರ್ಣಗೊಂಡಿಲ್ಲ. ಅದರ ಬರಹವನ್ನು ಪರಿಶೀಲಿಸಿ, ಸೋಮವಾರ ಪುಟಕ್ಕೆ ಸೇರಿಸುತ್ತೇವೆ. ಎಲ್ಲ ಸಿದ್ಧ ಆದರೆ ಬುಧವಾರ ಲಿಂಕ್ ಕಳುಹಿಸುತ್ತೇವೆ. ಆದ್ದರಿಂದ, ದಯವಿಟ್ಟು, ದರಪಟ್ಟಿ, ವಿಳಾಸ, ಮತ್ತು ದೂರವಾಣಿ ಸಂಖ್ಯೆಯನ್ನು, ಶುಕ್ರವಾರದೊಳಗೆ ಕಳುಹಿಸಿಕೊಡಿ.

ನನ್ನ ಪ್ರಶ್ನೆ ಎರಡೇ. ವಾಕ್ಯದ ಶುರುವಿನಲ್ಲಿ ಬರುವ ‘ಸಭೆಯ ನಂತರ’, ‘ನೀವು ಹೇಳಿದಂತೆ’, ‘ಆದ್ದರಿಂದ’ ಇಂಥವುಗಳ ನಂತರ ಕಾಮಾ ಹಾಕಬೇಕಾ? ‘ಮತ್ತು’, ‘ಆದರೆ’ಗಳ ಮೊದಲು ಹಾಕಬೇಕಾ?

ನೇರನುಡಿ

‘ಮಾನ್ಯರೇ’ ನಂತರದ್ದನ್ನು ಬಿಟ್ಟು ಎಣಿಸಿದೆ, 11 ಕಾಮಾ ಇವೆ. ಆರು ವಾಕ್ಯಕ್ಕೆ 11 ಖಂಡಿತ ಜಾಸ್ತಿ.

ಉಸಿರುಲಯ

ಇದಕ್ಕೆ ಸುಲಭದ ದಾರಿ ಇದೆ. ಜೋರಾಗಿ ಓದಿ. ಎಲ್ಲಿ ಉಸಿರು ನಿಲ್ಲುತ್ತದೋ ಅಲ್ಲಿ ಕಾಮಾ, ನಿಲ್ಲದ ಕಡೆ ಬೇಡ. ಅಲ್ಪವಿರಾಮ ಅನ್ನುವ ಹೆಸರಲ್ಲೇ ಸ್ವಲ್ಪ ನಿಲ್ಲು ಅಂತಿದೆಯಲ್ಲ.

ತಿದ್ದುಗಾರ್ತಿ

@ಉಸಿರುಲಯ, ಆ ದಾರಿ ಹಿಡಿದರೆ ಈ ಕರಡೇ ಬರುತ್ತದೆ. ಕನ್ನಡ ಓದುವಾಗ ಕರ್ತೃ ಆದಮೇಲೆ ಒಂದು ಸಣ್ಣ ನಿಲುಗಡೆ, ಕರ್ಮ ಆದಮೇಲೆ ಇನ್ನೊಂದು, ಕ್ರಿಯಾಪದಕ್ಕೆ ಮುಂಚೆ ಮತ್ತೊಂದು ತಾನಾಗಿ ಬರುತ್ತದೆ. ‘ಚಿತ್ರಗಳನ್ನು, ಮುಖಪುಟಕ್ಕೆ’ ಮತ್ತು ‘ಸೇವೆಗಳ ಪುಟ, ಇನ್ನೂ’ ಎರಡೂ ಹಾಗೆ ಉಸಿರು ಕೇಳಿ ಹಾಕಿದ ಕಾಮಾಗಳು. ಆದರೆ ‘ಚಿತ್ರಗಳನ್ನು’ ಅನ್ನುವುದರಲ್ಲಿರುವ ‘ಅನ್ನು’ ಪ್ರತ್ಯಯವೇ ಅದು ಕರ್ಮ ಎಂದು ಹೇಳಿ ಮುಗಿಸಿದೆ. ಅಲ್ಲಿ ಕಾಮಾ ಹೊಸದೇನನ್ನೂ ಹೇಳುವುದಿಲ್ಲ, ಕರ್ಮವನ್ನು ಅದರ ಕ್ರಿಯಾಪದದಿಂದ ಬೇರೆ ಮಾಡುತ್ತದೆ ಅಷ್ಟೇ.

ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಈ ತುಂಡು ಮುಂದಿನ ಯಾವ ಕ್ರಿಯಾಪದಕ್ಕೆ ಸೇರಬೇಕು? ಕನ್ನಡದಲ್ಲಿ ಮುಖ್ಯ ಕ್ರಿಯಾಪದ ಕೊನೆಗೆ ಬರುತ್ತದೆ. ನಡುವೆ ‘ಕಳುಹಿಸಿದ’, ‘ಪರಿಶೀಲಿಸಿ’, ‘ಹೇಳಿದಂತೆ’ ಅಂತ ಇನ್ನೂ ಎರಡು ಮೂರು ಕ್ರಿಯೆಗಳು ಕೂತಿರುತ್ತವೆ. ಶುರುವಿನ ತುಂಡು ಇವುಗಳಲ್ಲಿ ಹತ್ತಿರ ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಅದು ತಪ್ಪು ಜಾಗವಾದರೆ ಕಾಮಾ ಬೇಕು, ಸರಿಯಾದ ಜಾಗವೇ ಆದರೆ ಬೇಡ.

ನಿಮ್ಮ ಮೊದಲ ವಾಕ್ಯವನ್ನೇ ತೆಗೆದುಕೊಳ್ಳೋಣ. ‘ನಿನ್ನೆಯ ಸಭೆಯ ನಂತರ ನೀವು ಕಳುಹಿಸಿದ ಚಿತ್ರಗಳನ್ನು ಮುಖಪುಟಕ್ಕೆ ಸೇರಿಸಿದ್ದೇವೆ.’ ಸಭೆಯ ನಂತರ ನಡೆದದ್ದು ಏನು? ಅವರು ಕಳುಹಿಸಿದ್ದೋ, ನೀವು ಸೇರಿಸಿದ್ದೋ?

ಹೊಸಕರಡು

ನಾವು ಸೇರಿಸಿದ್ದು ಸಭೆಯ ನಂತರ. ಚಿತ್ರಗಳು ಹೋದ ವಾರವೇ ಬಂದಿದ್ದವು.

ತಿದ್ದುಗಾರ್ತಿ

ಹಾಗಾದರೆ ಈಗಿನ ವಾಕ್ಯ ತಪ್ಪು ಸುದ್ದಿ ಕೊಡುತ್ತಿದೆ. ಓದುವವರು ‘ಸಭೆಯ ನಂತರ ಕಳುಹಿಸಿದ ಚಿತ್ರಗಳು’ ಅಂತಲೇ ಓದುತ್ತಾರೆ. ಕ್ಲೈಂಟ್ ಎರಡು ಸಲ ಚಿತ್ರ ಕಳುಹಿಸಿದ್ದರಂತೂ ನೀವು ಯಾವ ಕಂತನ್ನು ಹಾಕಿದಿರಿ ಅನ್ನುವ ಗೊಂದಲ ಗ್ಯಾರಂಟಿ. ‘ನಿನ್ನೆಯ ಸಭೆಯ ನಂತರ, ನೀವು ಕಳುಹಿಸಿದ ಚಿತ್ರಗಳನ್ನು…’ ಅಂತ ಕಾಮಾ ಹಾಕಿದರೆ ಆ ತುಂಡು ‘ಕಳುಹಿಸಿದ’ ಎಂಬುದನ್ನು ದಾಟಿ ‘ಸೇರಿಸಿದ್ದೇವೆ’ಗೆ ಹೋಗುತ್ತದೆ.

ಆದರೂ ನಾನು ಅಲ್ಲಿ ಕಾಮಾ ನೆಚ್ಚುವುದಿಲ್ಲ. ಫೋನಿನಲ್ಲಿ ಬೇಗ ಓದುವವರಿಗೆ ಅದು ಕಾಣದೆ ಹೋಗಬಹುದು. ತುಂಡನ್ನೇ ಅದರ ಕ್ರಿಯಾಪದದ ಪಕ್ಕಕ್ಕೆ ಸರಿಸಿ: ‘ನೀವು ಕಳುಹಿಸಿದ ಚಿತ್ರಗಳನ್ನು ನಿನ್ನೆಯ ಸಭೆಯ ನಂತರ ಮುಖಪುಟಕ್ಕೆ ಸೇರಿಸಿದ್ದೇವೆ.’ ಈಗ ಕಾಮಾ ಇಲ್ಲ, ಗೊಂದಲವೂ ಇಲ್ಲ.

ಮೇಲ್‌ಪೆಟ್ಟಿಗೆ

ಇಂಗ್ಲಿಷ್ ಮೇಲ್‌ನಲ್ಲಿ ‘ಬಟ್’ಗೆ ಮೊದಲು ಕಾಮಾ ಕಡ್ಡಾಯ ಅಂತ ಕಲಿಸಿದ್ದಾರೆ. ‘ಹೌಎವರ್’ ನಂತರವೂ ಹಾಕಲೇಬೇಕು. ನನ್ನ ಕ್ಲೈಂಟ್‌ಗಳೆಲ್ಲ ಇಂಗ್ಲಿಷ್‌ನವರು. ‘ಆಂಡ್’ಗೆ ಮೊದಲು ಹಾಕಬೇಕೋ ಬೇಡವೋ ಯಾರಾದರೂ ಹೇಳಿ.

ನೇರನುಡಿ

ಇವರು ಕೇಳಿದ್ದು ಕನ್ನಡ ಮೇಲ್ ಬಗ್ಗೆ.

ಶಬ್ದಸಂಚಿ

@ಮೇಲ್‌ಪೆಟ್ಟಿಗೆ, ಚಿಕ್ಕದಾಗಿ ಹೇಳುತ್ತೇನೆ. ಇಂಗ್ಲಿಷ್‌ನಲ್ಲಿ ‘ಆಂಡ್’ ಅಥವಾ ‘ಬಟ್’ನ ಎರಡೂ ಕಡೆ ಪೂರ್ತಿ ವಾಕ್ಯವಿದ್ದರೆ, ಅಂದರೆ ಎರಡೂ ಕಡೆ ಅದರದ್ದೇ ಕರ್ತೃ, ಅದರದ್ದೇ ಕ್ರಿಯಾಪದ ಇದ್ದರೆ, ಅದರ ಮೊದಲು ಕಾಮಾ. ಎರಡನೇ ಕಡೆ ಬರೀ ಕ್ರಿಯಾಪದ ಇದ್ದು ಕರ್ತೃ ಮೊದಲಿನದ್ದೇ ಆಗಿದ್ದರೆ ಬೇಡ. ಎರಡೂ ತುಂಬ ಪುಟ್ಟ ವಾಕ್ಯಗಳಾದರೆ ಬಿಡುವುದೂ ಉಂಟು. ಆದ್ದರಿಂದ ‘ಬಟ್’ ಕಂಡಲ್ಲೆಲ್ಲ ಕಡ್ಡಾಯ ಅನ್ನುವುದು ಅರ್ಧ ನಿಜ. ‘ಹೌಎವರ್’ ವಾಕ್ಯದ ಶುರುವಿನಲ್ಲಿ ‘ಆದರೂ’ ಅನ್ನುವ ಅರ್ಥದಲ್ಲಿ ಬಂದರೆ ನಂತರ ಕಾಮಾ ಹೌದು.

ತೊಂದರೆ ಬರುವುದು ಈ ಅಭ್ಯಾಸ ಕನ್ನಡಕ್ಕೆ ನುಗ್ಗಿದಾಗ. ‘ಆದರೆ,’ ‘ಆದ್ದರಿಂದ,’ ‘ಹಾಗಾಗಿ,’ ಇವುಗಳ ಬೆನ್ನಿಗೆ ಕಾಮಾ ಅಂಟಿಸುವುದು ಅಲ್ಲಿಂದಲೇ ಬಂದದ್ದು. ‘ಆದರೆ ಸೇವೆಗಳ ಪುಟ ಇನ್ನೂ ಪೂರ್ಣಗೊಂಡಿಲ್ಲ’ ಅನ್ನುವುದನ್ನು ಕಾಮಾ ಇಲ್ಲದೆ ಓದಿ ನೋಡಿ, ಏನೂ ಕೆಡುವುದಿಲ್ಲ.

ಮೇಲ್‌ಪೆಟ್ಟಿಗೆ

ಧನ್ಯವಾದ ಸರ್. ಕರ್ತೃ ನೋಡಬೇಕು ಅನ್ನುವುದು ಗೊತ್ತಿರಲಿಲ್ಲ.

ಹಳೆಯೋಲೆ

ಹಳೆಗನ್ನಡದ ಓಲೆಗರಿಗಳಲ್ಲಿ, ಶಾಸನಗಳಲ್ಲಿ ಕಾಮಾ ಎಲ್ಲಿತ್ತು? ಒಂದು ದಂಡ, ಎರಡು ದಂಡ, ಅಷ್ಟೇ. ಕಾಮಾ ಅಚ್ಚಿನ ಕಾಲದಲ್ಲಿ ಇಂಗ್ಲಿಷ್ ಜೊತೆ ಬಂದದ್ದು. ನಮ್ಮ ವಿಭಕ್ತಿ ಪ್ರತ್ಯಯಗಳು ಎಲ್ಲವನ್ನೂ ಹೇಳುತ್ತವೆ. ಪಟ್ಟಿ ಬಿಟ್ಟರೆ ಬೇರೆಲ್ಲೂ ಕನ್ನಡಕ್ಕೆ ಕಾಮಾದ ಅಗತ್ಯವೇ ಇಲ್ಲ.

ತಿದ್ದುಗಾರ್ತಿ

ಹೊರಗಿನಿಂದ ಬಂದದ್ದು ನಿಜ. ನಾಮಪದಗಳ ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ. ಕ್ರಿಯಾಪದಕ್ಕೆ ಬಂದಾಗ ಒಪ್ಪಲಾರೆ. ಇದೇ ಕರಡಿನ ನಾಲ್ಕನೇ ವಾಕ್ಯ ನೋಡಿ: ‘ಅದರ ಬರಹವನ್ನು ಪರಿಶೀಲಿಸಿ, ಸೋಮವಾರ ಪುಟಕ್ಕೆ ಸೇರಿಸುತ್ತೇವೆ.’ ಪರಿಶೀಲಿಸಬೇಕಾದವರು ಯಾರು?

ಹೊಸಕರಡು

ನಾವೇ. ಯಾಕೆ, ಅನುಮಾನ ಬರುತ್ತದಾ?

ಕೀಲಿಮಣೆ

ನಾನು ಕ್ಲೈಂಟ್ ಆಗಿದ್ದರೆ ‘ನಾನು ಪರಿಶೀಲಿಸಬೇಕು, ಆಮೇಲೆ ಇವರು ಸೇರಿಸುತ್ತಾರೆ’ ಅಂತಲೇ ಓದುತ್ತಿದ್ದೆ.

ತಿದ್ದುಗಾರ್ತಿ

ಅದೇ. ‘ಪರಿಶೀಲಿಸಿ’ ಅನ್ನುವುದು ಎರಡು ಬೇರೆ ರೂಪಗಳು, ಬರೆಯುವುದು ಒಂದೇ ಥರ. ಒಂದು ‘ಪರಿಶೀಲನೆ ಮಾಡಿ ಮುಗಿಸಿ’ ಅನ್ನುವ, ಮುಂದಿನ ಕ್ರಿಯೆಗೆ ಸೇರುವ ರೂಪ. ಇನ್ನೊಂದು ‘ನೀವು ಪರಿಶೀಲಿಸಿ’ ಅನ್ನುವ ವಿನಂತಿ. ಮಾಡಿ, ನೋಡಿ, ಓದಿ, ಮತ್ತೆ ‘ಇಸು’ ಸೇರಿ ಆದ ಎಲ್ಲ ಕ್ರಿಯಾಪದಗಳು, ಅಂದರೆ ಕಳುಹಿಸಿ, ಸೇರಿಸಿ, ಬದಲಿಸಿ, ತಿಳಿಸಿ, ಎಲ್ಲದಕ್ಕೂ ಈ ಗುಣ ಇದೆ. ಕಚೇರಿ ಕನ್ನಡದಲ್ಲಿ ಹೆಚ್ಚು ಓಡಾಡುವುದೇ ಈ ‘ಇಸು’ ಕ್ರಿಯಾಪದಗಳು. ಹಾಗಾಗಿ ಕ್ಲೈಂಟ್ ಮೇಲ್‌ನಲ್ಲಿ ಈ ಎಡವಟ್ಟು ಬೇರೆಡೆಗಿಂತ ಹೆಚ್ಚು.

ಕಾಮಾ ಇಲ್ಲದಿದ್ದರೆ ‘ಪರಿಶೀಲಿಸಿ’ ಮುಂದಕ್ಕೆ ಹರಿದು ‘ಸೇರಿಸುತ್ತೇವೆ’ಗೆ ಸೇರುತ್ತದೆ. ಆ ಕೊನೆಯ ಕ್ರಿಯೆಯ ಕರ್ತೃ ‘ನಾವು’, ಆದ್ದರಿಂದ ಪರಿಶೀಲಿಸುವವರೂ ನಾವೇ ಆಗುತ್ತೇವೆ. ಕಾಮಾ ಬಿದ್ದ ತಕ್ಷಣ ಅದು ಅಲ್ಲೇ ನಿಂತು ವಿನಂತಿಯಂತೆ ಕಾಣುತ್ತದೆ. ಕ್ಲೈಂಟ್ ಅದನ್ನು ತಮಗೆ ಕೊಟ್ಟ ಕೆಲಸ ಅಂದುಕೊಂಡು ‘ಯಾವ ಬರಹ? ನನಗೆ ಬಂದೇ ಇಲ್ಲ’ ಅಂತ ತಿರುಗಿ ಬರೆಯುತ್ತಾರೆ. ಕರಡಿನ 11 ಕಾಮಾಗಳಲ್ಲಿ ನಿಜವಾಗಿ ಹಾನಿ ಮಾಡುವುದು ಇದೊಂದೇ. ಉಳಿದವು ಕಣ್ಣಿಗೆ ಕಿರಿಕಿರಿ, ಅಷ್ಟೇ.

ಹಳೆಯೋಲೆ

ಅಂದರೆ ಅಲ್ಲಿ ಕಾಮಾ ತೆಗೆಯಬೇಕು ಅಂತಾಯಿತಲ್ಲ. ನಾನು ಹೇಳಿದ್ದೂ ಅದೇ!

ತಿದ್ದುಗಾರ್ತಿ

ಆ ವಾಕ್ಯದಲ್ಲಿ ಹೌದು. ನಿಜವಾಗಿ ಅವರಿಂದಲೇ ಕೆಲಸ ಆಗಬೇಕಿದ್ದಾಗ ಕಾಮಾ ಇದ್ದರೆ ಒಳ್ಳೆಯದು: ‘ಬರಹವನ್ನು ಪರಿಶೀಲಿಸಿ, ಒಪ್ಪಿಗೆ ತಿಳಿಸಿ.’ ಎರಡೂ ವಿನಂತಿ, ಎರಡೂ ಅವರ ಕೆಲಸ. ಅಲ್ಲಿ ತೆಗೆದರೂ ದೊಡ್ಡ ನಷ್ಟ ಇಲ್ಲ, ಯಾಕೆಂದರೆ ಕೊನೆಯ ‘ತಿಳಿಸಿ’ಯ ಕರ್ತೃ ಅವರೇ.

ಶಬ್ದಸಂಚಿ

ಒಂದು ಸೇರಿಸುತ್ತೇನೆ. ಎಲ್ಲ ಕ್ರಿಯಾಪದಗಳಿಗೂ ಈ ತೊಂದರೆ ಇಲ್ಲ. ‘ತೆರೆದು’ ಬೇರೆ, ‘ತೆರೆಯಿರಿ’ ಬೇರೆ. ‘ಬರೆದು’, ‘ಬರೆಯಿರಿ’ ಬೇರೆ. ‘ಕೊಟ್ಟು’, ‘ಕೊಡಿ’ ಬೇರೆ. ಅಂಥವುಗಳ ನಂತರ ಕಾಮಾ ಇದ್ದರೂ ಇಲ್ಲದಿದ್ದರೂ ಯಾರೂ ವಿನಂತಿ ಅಂದುಕೊಳ್ಳುವುದಿಲ್ಲ. ಆದ್ದರಿಂದ ಅನುಮಾನ ಬಂದರೆ ಕ್ರಿಯಾಪದವನ್ನೇ ಬದಲಿಸಬಹುದು. ‘ಬದಲಿಸಿ, ಕಳುಹಿಸುತ್ತೇವೆ’ ಅನ್ನುವ ಬದಲು ‘ತಿದ್ದುಪಡಿ ಮುಗಿದ ಮೇಲೆ ಕಳುಹಿಸುತ್ತೇವೆ’ ಅಂದರಾಯಿತು.

ಉಸಿರುಲಯ

ವಿನಂತಿ ಆದಾಗ ‘ಪರಿಶೀಲಿಸಿರಿ’ ಅಂತ ಬರೆದರೆ ಮುಗಿಯಿತಲ್ಲ? ‘ಇರಿ’ ಬಂದರೆ ಗೊಂದಲವೇ ಇಲ್ಲ.

ತಿದ್ದುಗಾರ್ತಿ

ವ್ಯಾಕರಣದ ಪ್ರಕಾರ ಪೂರ್ತಿ ಸರಿ. ಆದರೆ ಇವತ್ತಿನ ಮೇಲ್‌ನಲ್ಲಿ ‘ಪರಿಶೀಲಿಸಿರಿ, ತಿಳಿಸಿರಿ’ ಅಂದರೆ ಸುತ್ತೋಲೆ ಓದಿದ ಹಾಗೆ ಇರುತ್ತದೆ. ಅದಕ್ಕಿಂತ ‘ದಯವಿಟ್ಟು’ ಅಥವಾ ‘ನೀವು’ ಸೇರಿಸುವುದು ಮೇಲು. ನಾವು ಮಾಡುವ ಕೆಲಸಕ್ಕೆ ‘ನಾವೇ ಪರಿಶೀಲಿಸಿ’ ಅಂದರೆ ಸಾಕು. ಆ ‘ಏ’ ಒಂದು ಅಕ್ಷರ ಕಾಮಾಗಿಂತ ಗಟ್ಟಿ.

ಕೀಲಿಮಣೆ

ಹುಡುಕುವುದು ಸುಲಭ. ಮೇಲ್ ಕಳುಹಿಸುವ ಮುಂಚೆ ಕರಡನ್ನು ಯಾವುದಾದರೂ ಎಡಿಟರ್‌ನಲ್ಲಿ ಹಾಕಿ, ಹುಡುಕುವ ಪೆಟ್ಟಿಗೆಯಲ್ಲಿ ಇದನ್ನು ಟೈಪ್ ಮಾಡಿ:

```
ಸಿ,
```

ಪರಿಶೀಲಿಸಿ, ಕಳುಹಿಸಿ, ಸೇರಿಸಿ, ಎಲ್ಲವೂ ಸಿಗುತ್ತವೆ. ಪ್ರತಿಯೊಂದರಲ್ಲೂ ವಾಕ್ಯದ ಕೊನೆಯ ಕ್ರಿಯಾಪದ ನೋಡಿ. ಕೊನೆಯದು ‘ಏವೆ’ ಅಂತ ಮುಗಿದರೆ ಕಾಮಾ ತೆಗೆಯಿರಿ. ಮಾಡಿ, ನೋಡಿ, ಓದಿಗಳಿಗೆ ಇದೇ ರೀತಿ `ಡಿ,` ಮತ್ತು `ದಿ,` ಹುಡುಕಿ.

ಇನ್ನೊಂದು, ಈ ಎಳೆಗೆ ಸಂಬಂಧವಿಲ್ಲದಿದ್ದರೂ ಹೇಳಲೇಬೇಕು. ಕಾಮಾಗೆ ಮೊದಲು ಸ್ಪೇಸ್ ಬಿಡಬೇಡಿ. ಪದ, ಸ್ಪೇಸ್, ಆಮೇಲೆ ಕಾಮಾ ಅಂತ ಟೈಪ್ ಮಾಡಿದರೆ ಫೋನಿನ ಕಿರಿದಾದ ಪರದೆಯಲ್ಲಿ ಸಾಲು ಮುರಿದು ಕಾಮಾ ಮುಂದಿನ ಸಾಲಿನ ತಲೆಯಲ್ಲಿ ಕೂರಬಹುದು. ಹಿಂದಿನ ಪದಕ್ಕೆ ಅಂಟಿಸಿ, ನಂತರ ಒಂದು ಸ್ಪೇಸ್.

ನೇರನುಡಿ

ಅದು ಪೂರ್ಣವಿರಾಮಕ್ಕೂ ಪ್ರಶ್ನಾರ್ಥಕಕ್ಕೂ ಅನ್ವಯ.

ಹೊಸಕರಡು

‘ಸಿ,’ ಹುಡುಕಿದೆ, ಒಂದೇ ಸಿಕ್ಕಿತು, ಅದೇ ವಾಕ್ಯ. ಈಗ ‘ನೀವು ಹೇಳಿದಂತೆ ಹಳೆಯ ಲೋಗೋ ತೆಗೆದಿಲ್ಲ’ ನೋಡುತ್ತಿದ್ದೇನೆ. ಇಲ್ಲಿ ‘ಹೇಳಿದಂತೆ’ ನಂತರ ಬೇರೆ ಉಪವಾಕ್ಯವೇನೂ ಇಲ್ಲ. ಹಾಗಾಗಿ ಕಾಮಾ ಬೇಡ ತಾನೇ?

ಶಬ್ದಸಂಚಿ

ನನ್ನ ಪ್ರಕಾರ ಬೇಡ. ಒಂದೇ ಕ್ರಿಯಾಪದ, ಅಂಟಿಕೊಳ್ಳಲು ಬೇರೆ ಜಾಗವೇ ಇಲ್ಲ.

ತಿದ್ದುಗಾರ್ತಿ

@ಶಬ್ದಸಂಚಿ, ‘ಇಲ್ಲ’ ಬಂದಾಗ ಅಷ್ಟು ಸುಲಭ ಅಲ್ಲ. ಎರಡು ಅರ್ಥ ನೋಡಿ. ಒಂದು, ತೆಗೆಯಬೇಡಿ ಎಂದು ನೀವು ಹೇಳಿದಿರಿ, ಅದರಂತೆ ನಾವು ತೆಗೆದಿಲ್ಲ. ಇನ್ನೊಂದು, ತೆಗೆಯಿರಿ ಎಂದು ಹೇಳಿದಿರಿ, ನೀವು ಹೇಳಿದ ಹಾಗೆ ನಾವು ಮಾಡಿಲ್ಲ. ಎರಡೂ ಒಂದಕ್ಕೊಂದು ತದ್ವಿರುದ್ಧ! ಕೊನೆಯ ‘ಇಲ್ಲ’ ಬರೀ ‘ತೆಗೆ’ಗೆ ಸೇರಬಹುದು, ಅಥವಾ ‘ಹೇಳಿದಂತೆ ತೆಗೆ’ ಅನ್ನುವ ಇಡೀ ಗಂಟಿಗೆ ಸೇರಬಹುದು. ಕಾಮಾ ಹಾಕಿದರೆ ‘ಹೇಳಿದಂತೆ’ ಆ ಗಂಟಿನಿಂದ ಹೊರಗೆ ಬರುತ್ತದೆ, ಮೊದಲನೇ ಅರ್ಥ ನಿಲ್ಲುತ್ತದೆ.

‘ಇಂದ’ದ ಕಥೆಯೂ ಇದೇ. ‘ಚಿತ್ರಗಳು ತಡವಾದ್ದರಿಂದ ಕೆಲಸ ನಿಂತಿಲ್ಲ’ ಅಂದರೆ ಕೆಲಸ ನಡೆಯುತ್ತಿದೆಯೋ, ನಿಂತಿದ್ದರೂ ಅದಕ್ಕೆ ಕಾರಣ ಬೇರೆಯೋ? ಶುರುವಿನಲ್ಲಿ ‘ಅಂತೆ’ ಅಥವಾ ‘ಇಂದ’ ಇದ್ದು ಕೊನೆಯಲ್ಲಿ ‘ಇಲ್ಲ’ ಬಂದರೆ ಒಂದು ಕ್ಷಣ ನಿಂತು ನೋಡಿ.

ಇಂಥ ಕಡೆ ನಾನು ‘ಇಲ್ಲ’ವನ್ನೇ ತೆಗೆದುಬಿಡುತ್ತೇನೆ: ‘ನೀವು ಹೇಳಿದಂತೆ ಹಳೆಯ ಲೋಗೋವನ್ನೇ ಉಳಿಸಿಕೊಂಡಿದ್ದೇವೆ.’ ಈಗ ಕಾಮಾ ಬೇಕಿಲ್ಲ.

ಶಬ್ದಸಂಚಿ

ಒಪ್ಪಿದೆ. ಎರಡನೇ ಅರ್ಥ ನನಗೆ ಹೊಳೆದೇ ಇರಲಿಲ್ಲ.

ಹಳೆಯೋಲೆ

ನೋಡಿ, ಪ್ರತಿ ಸಲವೂ ನೀವು ಕೊನೆಗೆ ಕಾಮಾ ಇಲ್ಲದ ವಾಕ್ಯಕ್ಕೇ ಬರುತ್ತಿದ್ದೀರಿ.

ತಿದ್ದುಗಾರ್ತಿ

ಪದ ಸರಿಸಿ, ಕ್ರಿಯಾಪದ ಬದಲಿಸಿ ಸರಿಹೋಗುವ ಕಡೆ ಹೌದು ಸರ್. ಎಲ್ಲ ಕಡೆ ಹಾಗೆ ಆಗುವುದಿಲ್ಲ. ‘ಆದರೆ’ಗೆ ಬನ್ನಿ.

‘ಆದರೆ’ ಕೂಡ ಎರಡು. ಒಂದು ‘ಆದರೂ’ ಅನ್ನುವುದಕ್ಕೆ ಹತ್ತಿರದ, ಎದುರು ಮಾತು ಹೇಳುವ ಪದ. ಇನ್ನೊಂದು ‘ಆಗು’ ಕ್ರಿಯೆಯ ‘ಆದಲ್ಲಿ’ ಅನ್ನುವ ಷರತ್ತು. ‘ಎಲ್ಲ ಸಿದ್ಧ ಆದರೆ ಬುಧವಾರ ಲಿಂಕ್ ಕಳುಹಿಸುತ್ತೇವೆ’ ಅನ್ನುವುದನ್ನು ‘ಎಲ್ಲ ಸಿದ್ಧವಾದಲ್ಲಿ ಬುಧವಾರ ಕಳುಹಿಸುತ್ತೇವೆ’ ಅಂತಲೂ ಓದಬಹುದು, ‘ಎಲ್ಲ ಸಿದ್ಧವಿದೆ, ಆದರೂ ಬುಧವಾರವೇ ಕಳುಹಿಸುವುದು’ ಅಂತಲೂ ಓದಬಹುದು. ಎರಡನೆಯದನ್ನು ಓದಿದ ಕ್ಲೈಂಟ್ ‘ಸಿದ್ಧವಿದ್ದರೆ ಇವತ್ತೇ ಯಾಕೆ ಕೊಡಬಾರದು?’ ಅನ್ನುತ್ತಾರೆ.

ಷರತ್ತಾದರೆ ಹಿಂದಿನ ಪದಕ್ಕೆ ಕೂಡಿಸಿ ಬರೆಯಿರಿ: ಸಿದ್ಧವಾದರೆ, ಪೂರ್ಣವಾದರೆ, ತಡವಾದರೆ. ಎದುರು ಮಾತಾದರೆ ಬಿಡಿಸಿ ಬರೆದು ಮೊದಲು ಕಾಮಾ ಹಾಕಿ: ‘ಪುಟ ಸಿದ್ಧ, ಆದರೆ ನಿಮ್ಮ ಒಪ್ಪಿಗೆ ಬಂದಿಲ್ಲ.’ ಇಲ್ಲಿ ಕಾಮಾ ತೆಗೆದರೆ ‘ಸಿದ್ಧ ಆದರೆ’ ಒಂದಾಗಿ ಓದುವವರು ಅರ್ಧ ದಾರಿ ಹೋಗಿ ವಾಪಸು ಬರಬೇಕಾಗುತ್ತದೆ. ಇದು ಕಾಮಾ ನಿಜವಾಗಿ ದುಡಿಯುವ ಜಾಗ.

ಉಸಿರುಲಯ

ಹಾಗಾದರೆ ‘ಮತ್ತು’ಗೆ ಮೊದಲು?

ಶಬ್ದಸಂಚಿ

ಪಟ್ಟಿಯಲ್ಲಿ ಬೇಡ. ‘ದರಪಟ್ಟಿ, ವಿಳಾಸ ಮತ್ತು ದೂರವಾಣಿ ಸಂಖ್ಯೆ’ ಸಾಕು. ಪಟ್ಟಿಯ ಕೊನೆಯದ್ದೇ ಎರಡು ಪದಗಳ ಜೋಡಿಯಾಗಿದ್ದರೆ ಮಾತ್ರ ಹಾಕುತ್ತೇನೆ. ‘ಮುಖಪುಟ, ಸಂಪರ್ಕ ಪುಟ, ಮತ್ತು ಚಿತ್ರ ಹಾಗೂ ವಿಡಿಯೋ ಪುಟ’ ಅಂದರೆ ಒಟ್ಟು ಮೂರು ಪುಟ ಎಂದು ಗೊತ್ತಾಗುತ್ತದೆ. ಒಳಗಿನ ಜೋಡಿಗೆ ‘ಹಾಗೂ’, ಹೊರಗಿನದಕ್ಕೆ ‘ಮತ್ತು’ ಅಂತ ಬೇರೆ ಮಾಡಿದರೆ ಇನ್ನೂ ಒಳ್ಳೆಯದು. ಮಾಡಬೇಕಾದ ಪುಟಗಳ ಎಣಿಕೆ ಮೇಲ್‌ನಿಂದಲೇ ತೀರ್ಮಾನವಾಗುವಾಗ ಇದು ಚಿಕ್ಕ ವಿಷಯವಲ್ಲ.

‘ಮತ್ತು,’ ಅಂತ ಅದರ ನಂತರ ಕಾಮಾ ಹಾಕುವುದಂತೂ ಯಾವಾಗಲೂ ತಪ್ಪು.

ತಿದ್ದುಗಾರ್ತಿ

ಎರಡು ಪೂರ್ತಿ ವಾಕ್ಯಗಳ ನಡುವೆ ‘ಸೇರಿಸಿದ್ದೇವೆ, ಮತ್ತು ಸರಿಪಡಿಸಿದ್ದೇವೆ’ ಅನ್ನುವುದು ಕನ್ನಡದ ನಡಿಗೆಯೇ ಅಲ್ಲ. ಕರ್ತೃ ಒಂದೇ ಆದ್ದರಿಂದ ‘ಚಿತ್ರಗಳನ್ನು ಸೇರಿಸಿ ಸಂಪರ್ಕ ಪುಟವನ್ನೂ ಸರಿಪಡಿಸಿದ್ದೇವೆ’ ಅನ್ನಿ. ಕಾಮಾನೂ ಹೋಯಿತು, ‘ಮತ್ತು’ ಕೂಡ ಹೋಯಿತು.

ಕರ್ತೃ ಬೇರೆ ಬೇರೆಯಾದರೆ ಹೀಗೆ ಕೂಡಿಸಲು ಬರುವುದಿಲ್ಲ. ‘ಪುಟವನ್ನು ನಾವು ಸರಿಪಡಿಸಿ ದರಪಟ್ಟಿಯನ್ನು ನೀವು ಕಳುಹಿಸಬೇಕು’ ತಪ್ಪು ವಾಕ್ಯ. ಆಗ ಎರಡು ಪೂರ್ತಿ ಕ್ರಿಯಾಪದ ಇಟ್ಟು ನಡುವೆ ಕಾಮಾ: ‘ಪುಟವನ್ನು ನಾವು ಸರಿಪಡಿಸಿದ್ದೇವೆ, ದರಪಟ್ಟಿಯನ್ನು ನೀವು ಕಳುಹಿಸಬೇಕು.’

ನೇರನುಡಿ

ಅಲ್ಲಿ ನಾನು ಒಪ್ಪುವುದಿಲ್ಲ ಮೇಡಂ. ‘ಸರಿಪಡಿಸಿದ್ದೇವೆ’ ಅಂದರೆ ವಾಕ್ಯ ಮುಗಿಯಿತು. ಪೂರ್ಣವಿರಾಮ ಇಡಬೇಕು. ಕ್ಲೈಂಟ್ ಮಾಡಬೇಕಾದ ಕೆಲಸ ಬೇರೆ ವಾಕ್ಯದಲ್ಲಿ ಇದ್ದರೆ ಕಣ್ಣಿಗೂ ಬೀಳುತ್ತದೆ.

ತಿದ್ದುಗಾರ್ತಿ

ಕೆಲಸದ ಮಾತಿಗೆ ನಿಮ್ಮದು ಒಳ್ಳೆಯ ಸಲಹೆ. ಆದರೆ ‘ನಾವು ಇದು ಮಾಡಿದ್ದೇವೆ, ನೀವು ಅದು ಮಾಡಬೇಕು’ ಅಂತ ಎರಡನ್ನೂ ತೂಗಿ ಹೇಳುವಾಗ ಕಾಮಾ ಕನ್ನಡದಲ್ಲಿ ಚೆನ್ನಾಗಿಯೇ ನಡೆಯುತ್ತದೆ. ತಪ್ಪು ಅನ್ನಲಾರೆ.

ನೇರನುಡಿ

ತಪ್ಪಲ್ಲದಿರಬಹುದು. ನಾನು ಪೂರ್ಣವಿರಾಮವನ್ನೇ ಇಡುತ್ತೇನೆ.

ಹೊಸಕರಡು

ಎಲ್ಲರ ಮಾತು ಸೇರಿಸಿ ತಿದ್ದಿದೆ. ನೋಡಿ ಹೇಳಿ:

> ಮಾನ್ಯರೇ,
> ನೀವು ಕಳುಹಿಸಿದ ಚಿತ್ರಗಳನ್ನು ನಿನ್ನೆಯ ಸಭೆಯ ನಂತರ ಮುಖಪುಟಕ್ಕೆ ಸೇರಿಸಿ ಸಂಪರ್ಕ ಪುಟವನ್ನೂ ಸರಿಪಡಿಸಿದ್ದೇವೆ. ನೀವು ಹೇಳಿದಂತೆ ಹಳೆಯ ಲೋಗೋವನ್ನೇ ಉಳಿಸಿಕೊಂಡಿದ್ದೇವೆ. ಆದರೆ ಸೇವೆಗಳ ಪುಟ ಇನ್ನೂ ಪೂರ್ಣಗೊಂಡಿಲ್ಲ. ಅದರ ಬರಹವನ್ನು ನಾವೇ ಪರಿಶೀಲಿಸಿ ಸೋಮವಾರ ಪುಟಕ್ಕೆ ಸೇರಿಸುತ್ತೇವೆ. ಎಲ್ಲ ಸಿದ್ಧವಾದರೆ ಬುಧವಾರ ಲಿಂಕ್ ಕಳುಹಿಸುತ್ತೇವೆ. ಆದ್ದರಿಂದ ದಯವಿಟ್ಟು ದರಪಟ್ಟಿ, ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಶುಕ್ರವಾರದೊಳಗೆ ಕಳುಹಿಸಿಕೊಡಿ. ದರಪಟ್ಟಿಯನ್ನು ನಿಮ್ಮ ಲೆಕ್ಕ ವಿಭಾಗದವರು ಇನ್ನೂ ತಿದ್ದುತ್ತಿದ್ದರೆ ನಾವು ಹಳೆಯ ದರಗಳನ್ನೇ ಹಾಕಿ ಪುಟ ಸಿದ್ಧಪಡಿಸುತ್ತೇವೆ.

ಕೊನೆಯ ವಾಕ್ಯ ಹೊಸದು. 11 ಇದ್ದ ಕಾಮಾ ಈಗ ಒಂದೇ ಒಂದು.

ಹಳೆಯೋಲೆ

ಚೆಂದ ಆಗಿದೆ. ಇದು ಕನ್ನಡ.

ತಿದ್ದುಗಾರ್ತಿ

ಬಹಳ ವಾಸಿ. ಆದರೆ ಈಗ ಒಂದು ಕಡಿಮೆ ಬಿದ್ದಿದೆ. ಕೊನೆಯ ವಾಕ್ಯದಲ್ಲಿ ‘ತಿದ್ದುತ್ತಿದ್ದರೆ’ ನಂತರ ಕಾಮಾ ಬೇಕು. ಅಲ್ಲಿಯವರೆಗೆ ಕರ್ತೃ ಅವರ ಲೆಕ್ಕ ವಿಭಾಗ, ಅಲ್ಲಿಂದ ಮುಂದೆ ‘ನಾವು’. ಉದ್ದದ ಷರತ್ತು ಮುಗಿದು ಕರ್ತೃ ಬದಲಾಗುವ ಗಡಿ ಅದು. ‘ಎಲ್ಲ ಸಿದ್ಧವಾದರೆ ಬುಧವಾರ’ ಅನ್ನುವಲ್ಲಿಯೂ ಕರ್ತೃ ಬದಲಾಗುತ್ತದೆ, ಆದರೆ ಷರತ್ತು ಎರಡೇ ಪದ, ಒಂದೇ ನೋಟಕ್ಕೆ ಕಾಣುತ್ತದೆ. ಅಲ್ಲಿ ಹಾಕಿದರೂ ಸರಿ, ಬಿಟ್ಟರೂ ಸರಿ.

ಉಸಿರುಲಯ

ಎಷ್ಟು ಪದ ಆದರೆ ‘ಉದ್ದ’?

ತಿದ್ದುಗಾರ್ತಿ

ಪದ ಎಣಿಸಿ ಹೇಳುವುದು ಕನ್ನಡದಲ್ಲಿ ಕಷ್ಟ, ಒಂದೊಂದು ಪದವೇ ಒಂದು ವಾಕ್ಯದಷ್ಟು ಹೊರುತ್ತದೆ. ನಾನು ನೋಡುವುದು ಆ ತುಂಡಿನೊಳಗೆ ಅದರದ್ದೇ ಕರ್ತೃವೂ ಕರ್ಮವೂ ಇವೆಯೇ ಎಂದು. ಎರಡೂ ಇದ್ದು, ಮುಂದೆ ಬೇರೆ ಕರ್ತೃ ಬಂದರೆ ಕಾಮಾ ಹಾಕುತ್ತೇನೆ.

ಶಬ್ದಸಂಚಿ

ಮೊದಲ ವಾಕ್ಯದ ‘ಸೇರಿಸಿ ಸಂಪರ್ಕ ಪುಟವನ್ನೂ’ ನನಗೆ ಸ್ವಲ್ಪ ತಡೆಯುತ್ತಿದೆ. ಎರಡು ಬೇರೆ ಬೇರೆ ಕೆಲಸ, ಒಂದರ ಹಿಂದೆ ಒಂದು ಓಡುತ್ತಿವೆ. ಸಂಪರ್ಕ ಪುಟವನ್ನು ಸರಿಪಡಿಸಿದ್ದೂ ಸಭೆಯ ನಂತರವೇ ಅಂತ ಅರ್ಥ ಬರುತ್ತದೆ. ಅದು ನಿಜವಾ?

ಹೊಸಕರಡು

ಇಲ್ಲ, ಸಂಪರ್ಕ ಪುಟವನ್ನು ಸಭೆಗೆ ಮುಂಚೆಯೇ ಸರಿಪಡಿಸಿದ್ದೆವು.

ಶಬ್ದಸಂಚಿ

ಹಾಗಾದರೆ ‘ಸೇರಿಸಿ’ ನಂತರ ಕಾಮಾ ಹಾಕಿದರೂ ಅದು ಸರಿಹೋಗುವುದಿಲ್ಲ. ‘ಸೇರಿಸಿ’ ಅನ್ನುವ ರೂಪವೇ ಮೊದಲು ಸೇರಿಸಿದೆವು, ಆಮೇಲೆ ಸರಿಪಡಿಸಿದೆವು ಅನ್ನುವ ಕ್ರಮ ಹೇಳುತ್ತದೆ.

ನೇರನುಡಿ

ಎರಡು ವಾಕ್ಯ ಮಾಡಿ. ‘ನೀವು ಕಳುಹಿಸಿದ ಚಿತ್ರಗಳನ್ನು ನಿನ್ನೆಯ ಸಭೆಯ ನಂತರ ಮುಖಪುಟಕ್ಕೆ ಸೇರಿಸಿದ್ದೇವೆ. ಸಂಪರ್ಕ ಪುಟವನ್ನು ಅದಕ್ಕೆ ಮೊದಲೇ ಸರಿಪಡಿಸಿದ್ದೆವು.’

ತಿದ್ದುಗಾರ್ತಿ

ಇದೇ ಸರಿ. ನಾನು ಮೇಲೆ ‘ಸೇರಿಸಿ’ ಅಂತ ಕೂಡಿಸಲು ಹೇಳಿದ್ದು ಎರಡೂ ಕೆಲಸ ಒಂದೇ ಹೊತ್ತಿನವು ಅಂದುಕೊಂಡು. ಕಾಲದ ಕ್ರಮ ಕೇಳಿಕೊಳ್ಳಬೇಕಿತ್ತು.

ಮೇಲ್‌ಪೆಟ್ಟಿಗೆ

‘ಮಾನ್ಯರೇ’ ನಂತರದ ಕಾಮಾ ಇರಬೇಕಾ?

ಕೀಲಿಮಣೆ

ಇರಲಿ. ಕರೆದಾಗ ಹಾಕುವ ಕಾಮಾ ಅದು, ವಾಕ್ಯದ ನಡುವೆ ಬಂದರೂ ಬೇಕು: ‘ಈ ಕರಡನ್ನು ನೋಡಿ, ಮಾನ್ಯರೇ, ಅಭಿಪ್ರಾಯ ತಿಳಿಸಿ.’ ಅಂದಹಾಗೆ @ಹೊಸಕರಡು, ಕಳುಹಿಸುವ ಮುಂಚೆ ‘ಸಿ,’ ಇನ್ನೊಮ್ಮೆ ಹುಡುಕಿ. ತಿದ್ದುವಾಗಲೇ ಹೊಸದು ನುಸುಳುವುದು.

ಹೊಸಕರಡು

ಹುಡುಕಿದೆ, ಒಂದೂ ಇಲ್ಲ. ‘ತಿದ್ದುತ್ತಿದ್ದರೆ’ ನಂತರ ಕಾಮಾ ಹಾಕಿದೆ, ಮೊದಲ ವಾಕ್ಯವನ್ನು ಎರಡು ಮಾಡಿದೆ. ‘ಸಿದ್ಧವಾದರೆ’ ನಂತರ ಹಾಕಿಲ್ಲ. ಕಳುಹಿಸುತ್ತಿದ್ದೇನೆ.